ಚಾಮುಂಡಿ ಬೆಟ್ಟದ ಕುಸಿತದ ನಕ್ಷೆ: ಜಿಐಎಸ್‌ನಲ್ಲಿ ತೂಕ ಹಾಕುವ ಮೊದಲು ಪದರದೊಳಗೆ ನೋಡಿ

2021ರ ಅಕ್ಟೋಬರ್‌ನಲ್ಲಿ ಮೈಸೂರಿಗೆ ಬಿದ್ದ ಜೋರು ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆ ಹೋಗುವ ರಸ್ತೆಯ ಅಂಚು ಕುಸಿಯಿತು. ನವೆಂಬರ್‌ನಲ್ಲಿ ಮತ್ತೆ ಮಳೆ ಬಂದಾಗ ಅದೇ ರಸ್ತೆಯಲ್ಲಿ ಇನ್ನಷ್ಟು ಮಣ್ಣು ಜಾರಿತು. ಆ ರಸ್ತೆಯಲ್ಲಿ ವಾಹನಗಳ ಓಡಾಟವನ್ನೇ ನಿಲ್ಲಿಸಬೇಕಾಯಿತು. ಕೊಡಗಿನಲ್ಲೋ ವಯನಾಡಿನಲ್ಲೋ ಗುಡ್ಡ ಕುಸಿಯುತ್ತದೆ, ನಮ್ಮ ಬೆಟ್ಟ ಗಟ್ಟಿ ಕಲ್ಲು ಎಂದುಕೊಂಡಿದ್ದವರಿಗೆ ಅದು ದೊಡ್ಡ ಆಶ್ಚರ್ಯವೇ ಆಗಿತ್ತು.

ಎಲ್ಲಿ ಕುಸಿಯಬಹುದು ಎಂದು ಮೊದಲೇ ಗುರುತಿಸಲು, ಕಂಪ್ಯೂಟರಿನಲ್ಲಿ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಲೆಕ್ಕ ಹಾಕುವ ಜಿಐಎಸ್‌ನಲ್ಲಿ ಒಂದು ಸರಳ ದಾರಿ ಇದೆ. ಇಳಿಜಾರು, ಮಳೆ, ಕಲ್ಲಿನ ಬಗೆ, ನೆಲದ ಹೊದಿಕೆ ಎಂಬ ನಾಲ್ಕು ಪದರ ಮಾಡಿ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಿ. ಆಮೇಲೆ ತೂಕ ಹಾಕಿ ಕೂಡಿಸಿ. ಹೆಚ್ಚಿನ ಪಾಠಗಳು ಇಷ್ಟನ್ನೇ ಹೇಳಿ ಬಣ್ಣದ ನಕ್ಷೆ ತೋರಿಸಿ ಮುಗಿಸುತ್ತವೆ. ಅದೇ ಪಾಠವನ್ನು ಚಾಮುಂಡಿ ಬೆಟ್ಟಕ್ಕೆ ಹಾಗೇ ಹಾಕಿದರೆ, ನಿಜವಾಗಿ ಕುಸಿದಂಥ ಜಾಗವೇ ನಕ್ಷೆಯಲ್ಲಿ ಅತಿ ಸುರಕ್ಷಿತ ಎಂದು ಬರುತ್ತದೆ. ಯಾಕೆ ಹಾಗಾಗುತ್ತದೆ, ಅದನ್ನು ಹೇಗೆ ಸರಿ ಮಾಡಬೇಕು ಎನ್ನುವುದನ್ನು ಲೆಕ್ಕ ಹಾಕುತ್ತಲೇ ನೋಡೋಣ. ಬೇಕಾಗಿರುವುದು ಕ್ಯೂಜಿಐಎಸ್ ಎಂಬ ಉಚಿತ ಜಿಐಎಸ್ ಸಾಫ್ಟ್‌ವೇರ್ ಹಾಕಿರುವ ಒಂದು ಸಾಧಾರಣ ಲ್ಯಾಪ್‌ಟಾಪ್, ಅಷ್ಟೇ.

ಮೊದಲು: ಯಾವ ಕುಸಿತದ ನಕ್ಷೆ?

ಕಂಪ್ಯೂಟರ್ ತೆರೆಯುವ ಮೊದಲೇ ತೀರ್ಮಾನ ಆಗಬೇಕಾದ್ದು ಇದು. ಚಾಮುಂಡಿ ಬೆಟ್ಟದಲ್ಲಿ ಎರಡು ಬೇರೆ ಬೇರೆ ಅಪಾಯಗಳಿವೆ. ಒಂದು, ಕಡಿದಾದ ಬಂಡೆಯ ಮೇಲೆ ಕೂತಿರುವ ಗುಂಡುಗಳು ಉರುಳುವುದು. ಇನ್ನೊಂದು, ಮಳೆಯಲ್ಲಿ ನೆನೆದ ಮಣ್ಣು ಜಾರುವುದು. ಎರಡರ ಕಾರಣವೂ ಬೇರೆ, ಜಾಗವೂ ಬೇರೆ. ಮಣ್ಣೇ ಇಲ್ಲದ ಬೋಳು ಬಂಡೆ ಎಷ್ಟೇ ಕಡಿದಾಗಿದ್ದರೂ ಅಲ್ಲಿ ಮಣ್ಣು ಜಾರಲು ಸಾಧ್ಯವಿಲ್ಲ. ಅದೇ ಜಾಗ ಗುಂಡು ಉರುಳುವ ನಕ್ಷೆಯಲ್ಲಿ ಮೊದಲ ಸಾಲಿನಲ್ಲಿ ಬರಬೇಕು. ಎರಡನ್ನೂ ಒಂದೇ ನಕ್ಷೆಯಲ್ಲಿ ಸೇರಿಸಿದರೆ ಎರಡಕ್ಕೂ ಉಪಯೋಗವಿಲ್ಲದ ನಕ್ಷೆ ಆಗುತ್ತದೆ. ಇಲ್ಲಿ ನಾನು ಮಾಡುತ್ತಿರುವುದು ಮಣ್ಣು ಜಾರುವ ನಕ್ಷೆ ಮಾತ್ರ.

ಪದರಗಳನ್ನು ತರುವುದು

ಎತ್ತರದ ಪದರಕ್ಕೆ, ಅಂದರೆ ಡಿಇಎಂಗೆ, ಕೋಪರ್ನಿಕಸ್ 30 ಮೀಟರ್ ದತ್ತಾಂಶ ಉಚಿತವಾಗಿ ಸಿಗುತ್ತದೆ. ಭುವನ್ ತಾಣದಲ್ಲಿ ಇಸ್ರೋದ ಕಾರ್ಟೋಸ್ಯಾಟ್ ಡಿಇಎಂ ಕೂಡ ಇದೆ. ಕಲ್ಲಿನ ಬಗೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ 1:50,000 ಅಳತೆಯ ನಕ್ಷೆ ಸಿಗುತ್ತದೆ. ನೆಲದ ಹೊದಿಕೆಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ ಇದೆ. ಅದು 10 ಮೀಟರ್ ಚೌಕದ್ದು, 2020 ಮತ್ತು 2021ರ ಆವೃತ್ತಿಗಳಿವೆ. ಮಳೆಗೆ ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕದ ದತ್ತಾಂಶ, ಇಲ್ಲವೇ ಚಿರ್ಪ್ಸ್ ಎಂಬ 0.05 ಡಿಗ್ರಿ ದತ್ತಾಂಶ ಬಳಸುವುದು ರೂಢಿ.

ಡಿಇಎಂ ಬರುವುದು ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲಿ. ಎತ್ತರ ಮಾತ್ರ ಮೀಟರಿನಲ್ಲಿ. ಹಾಗೇ ಇಳಿಜಾರು ತೆಗೆದರೆ ಸಾಫ್ಟ್‌ವೇರ್ ಒಂದು ಡಿಗ್ರಿಯನ್ನು ಒಂದು ಮೀಟರ್ ಎಂದುಕೊಳ್ಳುವ ಸಾಧ್ಯತೆ ಇದೆ. ಆಗ ಇಡೀ ಮೈಸೂರು 80, 90 ಡಿಗ್ರಿಯ ಗೋಡೆಯಾಗಿ ಕಾಣುತ್ತದೆ. ದಸರಾ ಮೈದಾನವೂ ಪ್ರಪಾತ ಎಂದು ತೋರಿಸಿದರೆ ತಪ್ಪು ಇಲ್ಲೇ ಆಗಿದೆ ಎಂದು ತಿಳಿಯಿರಿ. ಮೈಸೂರು, ಮಂಡ್ಯ ಎರಡೂ, ಜಾಗವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯ 43 ಉತ್ತರ ವಲಯದಲ್ಲಿ ಬರುತ್ತವೆ. ಅದರ ಸಂಖ್ಯೆ `EPSG:32643`. ಮೊದಲು ಅದಕ್ಕೆ ಬದಲಿಸಿ, ಆಮೇಲೆ ಇಳಿಜಾರು ತೆಗೆಯಿರಿ:

```
gdalwarp -t_srs EPSG:32643 -tr 30 30 -r bilinear dem.tif dem_utm.tif
gdaldem slope dem_utm.tif slope.tif
```

ಈಗ ಎಲ್ಲ ಪದರಗಳನ್ನೂ ಒಂದೇ ಚೌಕದ ಬಲೆಗೆ ಕೂರಿಸಬೇಕು. ನಾನು 10 ಮೀಟರ್ ಚೌಕ ಆರಿಸುತ್ತೇನೆ. ರಸ್ತೆ ಬದಿಯ ಮಣ್ಣಿನ ಪಟ್ಟಿ ತೀರಾ ಕಿರಿದು, 30 ಮೀಟರ್ ಚೌಕದಲ್ಲಿ ಅದು ಅಲ್ಲಲ್ಲಿ ಕಳೆದುಹೋಗುತ್ತದೆ. ಆದರೆ 30 ಮೀಟರಿನ ಇಳಿಜಾರನ್ನು 10 ಮೀಟರಿಗೆ ಕತ್ತರಿಸಿದ ಮಾತ್ರಕ್ಕೆ ಅದರಲ್ಲಿ ಹೊಸ ವಿವರವೇನೂ ಬರುವುದಿಲ್ಲ. ಇದು ನೆನಪಿರಲಿ, ಮುಂದೆ ಇದರಿಂದ ಪೆಟ್ಟು ಬೀಳುತ್ತದೆ.

```
gdalwarp -tr 10 10 -te XMIN YMIN XMAX YMAX -r bilinear slope.tif slope10.tif
gdalwarp -t_srs EPSG:32643 -tr 10 10 -te XMIN YMIN XMAX YMAX -r near lulc.tif lulc10.tif
```

`-te` ಮುಂದೆ ನಿಮ್ಮ ಬೆಟ್ಟದ ನಾಲ್ಕು ಅಂಚುಗಳನ್ನು ಮೀಟರಿನಲ್ಲಿ ಹಾಕಿ. ಪ್ರತಿ ಪದರಕ್ಕೂ ಅದೇ ನಾಲ್ಕು ಸಂಖ್ಯೆ ಇರಬೇಕು. ಹೊದಿಕೆಗೆ `near` ಹಾಕಿದ್ದಕ್ಕೆ ಕಾರಣವಿದೆ. ವರ್ಲ್ಡ್‌ಕವರ್‌ನಲ್ಲಿ 10 ಅಂದರೆ ಮರ, 20 ಅಂದರೆ ಕುರುಚಲು, 30 ಅಂದರೆ ಹುಲ್ಲು, 50 ಅಂದರೆ ಕಟ್ಟಡ, 60 ಅಂದರೆ ಬೋಳು ನೆಲ. ಇವು ಬರೀ ಗುರುತುಗಳು. ಮರಕ್ಕೂ ಹುಲ್ಲಿಗೂ ಸರಾಸರಿ ತೆಗೆದರೆ 20 ಬರುತ್ತದೆ, ಅಂದರೆ ಇಲ್ಲದ ಕುರುಚಲು ಕಾಡೊಂದು ನಕ್ಷೆಯಲ್ಲಿ ಹುಟ್ಟುತ್ತದೆ.

ಅಂಕ ಕೊಡುವುದು

ಇಳಿಜಾರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 14496 ಎರಡನೇ ಭಾಗದಲ್ಲಿ ಇರುವ ಐದು ಗುಂಪುಗಳನ್ನೇ ಇಟ್ಟುಕೊಳ್ಳಬಹುದು. 15 ಡಿಗ್ರಿವರೆಗೆ, 25ರವರೆಗೆ, 35ರವರೆಗೆ, 45ರವರೆಗೆ, ಅದಕ್ಕೂ ಮೇಲೆ. ಇವಕ್ಕೆ ಕ್ರಮವಾಗಿ 1, 2, 3, 4, 5 ಎಂದು ಅಂಕ ಕೊಡೋಣ. ಈ ಅಂಕಗಳು ನನ್ನವು, ಮಾನಕದ್ದಲ್ಲ.

ಆ ಪುಸ್ತಕದಲ್ಲಿ ಗುಂಪುಗಳನ್ನು 16–25, 26–35 ಎಂದು ಬರೆದಿರುತ್ತಾರೆ. ಕ್ಯೂಜಿಐಎಸ್‌ನ `Reclassify by table`ನಲ್ಲಿ ಹಾಗೇ ತುಂಬಿದರೆ 15.4 ಡಿಗ್ರಿಯ ಚೌಕ ಯಾವ ಗುಂಪಿಗೂ ಸೇರುವುದಿಲ್ಲ. ಸೇರದ ಚೌಕವನ್ನು ಈ ಸಾಧನ ಸುಮ್ನೆ ಹಾಗೇ ಬಿಟ್ಟುಬಿಡುತ್ತದೆ. ಅಂದರೆ ಆ ಚೌಕದ ಅಂಕ 1 ಅಥವಾ 2 ಆಗುವ ಬದಲು 15.4 ಆಗಿಯೇ ಉಳಿಯುತ್ತದೆ! ಕೊನೆಯ ನಕ್ಷೆಯಲ್ಲಿ ಬೆಟ್ಟದ ತಪ್ಪಲಿನ ಸುತ್ತ ತೆಳುವಾದ ಕೆಂಪು ಗೆರೆಗಳು ಬಂದರೆ ಕಾರಣ ಇದೇ. ಹಾಗಾಗಿ 0–15, 15–25, 25–35 ಎಂದು ತೆರಪಿಲ್ಲದೆ ತುಂಬಿ. ಇನ್ನೊಂದು, ಈ ಸಾಧನ ಮಾಮೂಲಿಯಾಗಿ ಕೆಳಗಿನ ಮಿತಿಯನ್ನು ಬಿಟ್ಟು ಮೇಲಿನ ಮಿತಿಯನ್ನು ಸೇರಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ಸಾಲನ್ನು 0ರ ಬದಲು −1ರಿಂದ ಶುರು ಮಾಡಿ. ಇಲ್ಲದಿದ್ದರೆ ಪೂರ್ತಿ ಸಮತಟ್ಟಾದ ಚೌಕಗಳು ಹೊರಗುಳಿಯುತ್ತವೆ. ಒಂದೊಂದು ಪದರ ಮುಗಿದಾಗಲೂ ಅದರ ಕನಿಷ್ಠ ಮತ್ತು ಗರಿಷ್ಠ ಅಂಕ ನೋಡಿ. 1 ಮತ್ತು 5ರ ಆಚೆಗೆ ಏನಾದರೂ ಇದ್ದರೆ ಅಲ್ಲೇ ನಿಲ್ಲಿ.

ತೂಕ ಹಾಕುವುದು

ಯಾವ ಪದರಕ್ಕೆ ಎಷ್ಟು ತೂಕ? ಇದಕ್ಕೆ ಥಾಮಸ್ ಸಾಟಿ ಎಂಬ ಗಣಿತಜ್ಞ ರೂಪಿಸಿದ ಎಎಚ್‌ಪಿ ವಿಧಾನ ಹೆಚ್ಚು ಬಳಕೆಯಲ್ಲಿದೆ. ನಾಲ್ಕಕ್ಕೂ ಒಟ್ಟಿಗೆ ತೂಕ ಹೇಳುವುದು ಕಷ್ಟ. ಎರಡೆರಡನ್ನೇ ಎದುರುಬದುರು ಇಟ್ಟು ಯಾವುದು ಎಷ್ಟು ಮುಖ್ಯ ಎಂದು ಕೇಳಿದರೆ ಉತ್ತರ ಸುಲಭ. ಸಮ ಅನಿಸಿದರೆ 1, ಒಂದಕ್ಕಿಂತ ಇನ್ನೊಂದು ತೀರಾ ಮುಖ್ಯ ಅನಿಸಿದರೆ 9, ನಡುವೆ ಉಳಿದದ್ದು.

ನನ್ನ ಹೋಲಿಕೆ ಹೀಗಿದೆ. ಇಳಿಜಾರು ಮಳೆಗಿಂತ 2 ಪಟ್ಟು, ಹೊದಿಕೆಗಿಂತ 3 ಪಟ್ಟು, ಕಲ್ಲಿಗಿಂತ 4 ಪಟ್ಟು ಮುಖ್ಯ. ಮಳೆ ಹೊದಿಕೆಗಿಂತ 2 ಪಟ್ಟು, ಕಲ್ಲಿಗಿಂತ 3 ಪಟ್ಟು. ಹೊದಿಕೆ ಕಲ್ಲಿಗಿಂತ 2 ಪಟ್ಟು. ಇವನ್ನು ನಾಲ್ಕು ಸಾಲು ನಾಲ್ಕು ಕಂಬದ ಕೋಷ್ಟಕದಲ್ಲಿ ಬರೆಯಿರಿ. ಎದುರು ಮನೆಯಲ್ಲಿ ತಿರುಗುಮುರುಗು, ಅಂದರೆ 2ರ ಎದುರು 1/2. ಪ್ರತಿ ಕಂಬವನ್ನು ಅದರ ಮೊತ್ತದಿಂದ ಭಾಗಿಸಿ. ಆಮೇಲೆ ಪ್ರತಿ ಸಾಲಿನ ಸರಾಸರಿ ತೆಗೆಯಿರಿ. ಮೊದಲ ಕಂಬದ ಮೊತ್ತ 1 + 0.5 + 0.333 + 0.25, ಅಂದರೆ 2.083. ಹೀಗೇ ಎಲ್ಲ ಮಾಡಿದರೆ ಬರುವ ತೂಕಗಳು: ಇಳಿಜಾರು 0.466, ಮಳೆ 0.277, ಹೊದಿಕೆ 0.161, ಕಲ್ಲು 0.096. ಕೂಡಿದರೆ 1.

ನಿಮ್ಮ ಉತ್ತರಗಳು ಒಂದಕ್ಕೊಂದು ಎದುರಾಡುತ್ತಿಲ್ಲ ತಾನೇ ಎಂದು ನೋಡಲು ಸುಸಂಗತತೆಯ ಅನುಪಾತ ಲೆಕ್ಕ ಹಾಕುತ್ತಾರೆ. ಅದು 0.10ಕ್ಕಿಂತ ಕಡಿಮೆ ಇರಬೇಕು. ಇಲ್ಲಿ ಸುಮಾರು 0.01 ಬರುತ್ತದೆ, ಪರವಾಗಿಲ್ಲ. ಆದರೆ ಈ ಸಂಖ್ಯೆ ಹೇಳುವುದು ನೀವು ಹೇಳಿದ್ದರಲ್ಲಿ ಗೊಂದಲ ಇಲ್ಲ ಎಂದಷ್ಟೇ. ಹೇಳಿದ್ದು ಬೆಟ್ಟಕ್ಕೆ ಸರಿ ಎಂದು ಅಲ್ಲ. ಎಷ್ಟೋ ವರದಿಗಳಲ್ಲಿ ಈ ಅನುಪಾತವನ್ನೇ ನಕ್ಷೆಯ ಪರೀಕ್ಷೆ ಎಂಬಂತೆ ತೋರಿಸುತ್ತಾರೆ. ಅದನ್ನು ನಂಬಬೇಡಿ.

ಕೂಡಿಸುವ ಸೂತ್ರವನ್ನು `Raster Calculator`ನಲ್ಲಿ ಹೀಗೆ ಬರೆಯಿರಿ:

```
0.466*"slope_c@1" + 0.277*"rain_c@1" + 0.161*"lulc_c@1" + 0.096*"rock_c@1"
```

ಮೊದಲ ಸುತ್ತು: ನಕ್ಷೆ ಬಂತು, ಆದರೆ ತಲೆಕೆಳಗಾಗಿ

ಈಗ ಮೂರು ಚೌಕಗಳನ್ನು ತೆಗೆದುಕೊಂಡು ಲೆಕ್ಕ ನೋಡೋಣ. ಬೆಟ್ಟದಲ್ಲಿ ಕಾಣುವ ಮೂರು ಬಗೆಯ ಜಾಗಕ್ಕೆ ಹೊಂದುವಂತೆ ಲೆಕ್ಕಕ್ಕೆಂದು ನಾನು ಇಟ್ಟುಕೊಂಡ ಅಂಕಗಳಿವು, ಅಳೆದು ತಂದವಲ್ಲ.

ಒಂದನೆಯದು ಬೋಳು ಬಂಡೆ, 38 ಡಿಗ್ರಿ ಇಳಿಜಾರು. ಎರಡನೆಯದು ರಸ್ತೆಯ ಕೆಳಬದಿ, 24 ಡಿಗ್ರಿ, ಕುರುಚಲು ಗಿಡ. ಮೂರನೆಯದು ಮರ ದಟ್ಟವಾಗಿರುವ ಏಣು, 30 ಡಿಗ್ರಿ. ಹೊದಿಕೆಗೆ ರೂಢಿಯ ಅಂಕ: ಬೋಳು ನೆಲಕ್ಕೆ 5, ಕುರುಚಲಿಗೆ 3, ಮರಕ್ಕೆ 1. ಕಲ್ಲು ಗಟ್ಟಿ ಗ್ರಾನೈಟ್, 2. ಮಳೆ ಮಧ್ಯಮ, 3.

ಬಂಡೆಗೆ 0.466×4 + 0.277×3 + 0.161×5 + 0.096×2, ಅಂದರೆ 3.69. ಏಣಿಗೆ ಇದೇ ರೀತಿ 2.58. ರಸ್ತೆಯ ಕೆಳಬದಿಗೆ 2.44.

ನೋಡಿದಿರಾ? 2021ರಲ್ಲಿ ಯಾವ ಬಗೆಯ ಜಾಗ ಕುಸಿಯಿತೋ ಅದಕ್ಕೇ ಅತಿ ಕಡಿಮೆ ಅಂಕ. ಮಣ್ಣೇ ಇಲ್ಲದ ಬಂಡೆಗೆ ಅತಿ ಹೆಚ್ಚು. ಇಂಥ ನಕ್ಷೆ ನೋಡಿದಾಗ ಹೆಚ್ಚಿನವರು ತೂಕಗಳನ್ನು ತಿದ್ದಲು ಹೊರಡುತ್ತಾರೆ. ಸರಿ, ತಿದ್ದಿ ನೋಡೋಣ. ನಾಲ್ಕಕ್ಕೂ ಸಮನಾಗಿ 0.25 ಕೊಟ್ಟರೆ ಬಂಡೆ 3.50, ರಸ್ತೆ ಬದಿ 2.50, ಏಣು 2.25. ರಸ್ತೆ ಬದಿ ಒಂದು ಮೆಟ್ಟಿಲು ಮೇಲೆ ಬಂತು, ಬಂಡೆ ಮಾತ್ರ ಕದಲಲಿಲ್ಲ. ರೋಗ ತೂಕದಲ್ಲಿಲ್ಲ. ಪದರಗಳ ಒಳಗಿದೆ. ಮಳೆಯಿಂದ ಶುರು ಮಾಡೋಣ.

ಮಳೆಯ ಪದರ: ಒಂದೇ ಬಣ್ಣದ ಹಾಳೆ

0.25 ಡಿಗ್ರಿ ಅಂದರೆ ಸುಮಾರು 27 ಕಿಲೋಮೀಟರ್. ಇಡೀ ಚಾಮುಂಡಿ ಬೆಟ್ಟ, ಅದರ ಜೊತೆಗೆ ಮೈಸೂರು ನಗರವೂ ಸೇರಿ ಅಂಥ ಒಂದೆರಡು ಚೌಕದೊಳಗೆ ಮುಗಿಯುತ್ತದೆ. ಚಿರ್ಪ್ಸ್‌ನ ಚೌಕ ಸುಮಾರು 5.5 ಕಿಲೋಮೀಟರ್. ಅದರಲ್ಲೂ ಬೆಟ್ಟ ಒಂದೆರಡು ಚೌಕವೇ. ಅಂದರೆ ಬೆಟ್ಟದ ಎಲ್ಲ ಕಡೆ ಮಳೆಯ ಅಂಕ ಒಂದೇ. ಕಲ್ಲಿನ ಪದರದ ಕಥೆಯೂ ಅಷ್ಟೇ. ಸುತ್ತ ಇರುವುದು ಹಳೆಯ ನೈಸ್ ಕಲ್ಲು. ಬೆಟ್ಟ ಮಾತ್ರ ಅದರೊಳಗೆ ನುಗ್ಗಿ ಬಂದ ಸುಮಾರು 80 ಕೋಟಿ ವರ್ಷದ ಚಾಮುಂಡಿ ಗ್ರಾನೈಟ್. 1:50,000 ನಕ್ಷೆಯಲ್ಲಿ ಇಡೀ ಬೆಟ್ಟ ಹೆಚ್ಚುಕಡಿಮೆ ಒಂದೇ ಬಣ್ಣ.

ಒಂದೇ ಅಂಕ ಇರುವ ಪದರಕ್ಕೆ ಎಷ್ಟು ತೂಕ ಕೊಟ್ಟರೂ ಅದು ಎಲ್ಲ ಚೌಕಕ್ಕೂ ಅಷ್ಟೇ ಸಂಖ್ಯೆ ಸೇರಿಸುತ್ತದೆ. ಯಾವ ಜಾಗ ಹೆಚ್ಚು, ಯಾವುದು ಕಡಿಮೆ ಎಂಬ ವ್ಯತ್ಯಾಸಕ್ಕೆ ಅದರ ಕೊಡುಗೆ ಸೊನ್ನೆ. ನಮ್ಮ ಲೆಕ್ಕದಲ್ಲಿ ಮಳೆ 0.277, ಕಲ್ಲು 0.096, ಕೂಡಿದರೆ 0.373. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೂಕ ಹೀಗೆ ವ್ಯರ್ಥವಾಯಿತು. ಉಳಿದದ್ದು ಇಳಿಜಾರು ಮತ್ತು ಹೊದಿಕೆ. ಹಾಗಾಗಿ ಕೊನೆಗೆ ಬರುವ ನಕ್ಷೆ ಇಳಿಜಾರಿನ ನಕ್ಷೆಗೇ ಹೊಸ ಬಣ್ಣ ಬಳಿದ ಹಾಗಿರುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪ್ರತಿ ಪದರದ ಗುಣಗಳಲ್ಲಿ ಪ್ರಮಾಣಿತ ವಿಚಲನೆಯನ್ನೂ ನೋಡಿ. ಅದು ಸೊನ್ನೆ ಇದ್ದರೆ ಆ ಪದರ ಈ ಬೆಟ್ಟಕ್ಕೆ ಏನೂ ಹೇಳುತ್ತಿಲ್ಲ.

ಮಳೆಯ ಪದರವೇ ಬೇಡ ಎಂದು ನಾನು ಹೇಳುತ್ತಿಲ್ಲ. ಇಡೀ ಕೊಡಗಿನ ನಕ್ಷೆ ಮಾಡುವುದಾದರೆ ಅದು ಬೇಕೇ ಬೇಕು. ತಲಕಾವೇರಿಯ ಮಳೆಗೂ ಕುಶಾಲನಗರದ ಮಳೆಗೂ ಹಲವು ಪಟ್ಟು ವ್ಯತ್ಯಾಸ ಇದೆ ಅಲ್ವಾ? ಆದರೆ ಚಾಮುಂಡಿ ಬೆಟ್ಟ, ಮೇಲುಕೋಟೆ, ಕುಂತಿಬೆಟ್ಟ, ಕರಿಘಟ್ಟದಂಥ ಒಂಟಿ ಬೆಟ್ಟಗಳಲ್ಲಿ ಮಳೆ ಹೇಳುವುದು ಯಾವಾಗ ಕುಸಿಯಬಹುದು ಎಂದು, ಎಲ್ಲಿ ಎಂದಲ್ಲ. ಎಲ್ಲಿ ಎಂದು ತಿಳಿಯಬೇಕಾದರೆ, ಬಿದ್ದ ನೀರು ಬೆಟ್ಟದ ಮೇಲೆ ಹೇಗೆ ಹರಿದು ಎಲ್ಲಿ ಸೇರುತ್ತದೆ ಎಂದು ನೋಡಬೇಕು.

ಅದಕ್ಕೊಂದು ಸೂಚ್ಯಂಕ ಇದೆ, ಟಿಡಬ್ಲ್ಯುಐ ಎನ್ನುತ್ತಾರೆ: `ln(a / tan β)`. ಇಲ್ಲಿ `a` ಅಂದರೆ ಆ ಚೌಕಕ್ಕೆ ಮೇಲಿನಿಂದ ನೀರು ಹರಿದು ಬರುವ ಪ್ರದೇಶ, ಹರಿವಿನ ಒಂದು ಮೀಟರ್ ಅಗಲಕ್ಕೆ ಎಷ್ಟು ಎಂದು. `β` ಅಂದರೆ ಇಳಿಜಾರು. ಮೇಲಿಂದ ಜಾಸ್ತಿ ನೀರು ಬಂದು, ಬೇಗ ಹರಿದುಹೋಗದೆ ನಿಲ್ಲುವ ತಗ್ಗುಗಳಿಗೆ ಹೆಚ್ಚು ಬೆಲೆ ಬರುತ್ತದೆ. ಏಣುಗಳಿಗೆ ಕಡಿಮೆ. ಕ್ಯೂಜಿಐಎಸ್‌ನ ಗ್ರಾಸ್ ಸಾಧನಗಳಲ್ಲಿ `r.topidx` ಇದನ್ನು ಮಾಡುತ್ತದೆ. 30 ಮೀಟರ್ ಡಿಇಎಂ ಮೇಲೆಯೇ ಓಡಿಸಿ, ಆಮೇಲೆ 10 ಮೀಟರಿಗೆ ತನ್ನಿ. ತಪ್ಪಲಿನ ಸಮತಟ್ಟು ಹೊಲ, ಕೆರೆಗಳಿಗೂ ದೊಡ್ಡ ಬೆಲೆ ಬರುತ್ತದೆ. ಹಾಗಾಗಿ ಐದು ಗುಂಪು ಮಾಡುವಾಗ ಬೆಟ್ಟದ ಇಳಿಜಾರಿನೊಳಗಿನ ಬೆಲೆಗಳನ್ನು ಮಾತ್ರ ತೆಗೆದುಕೊಳ್ಳಿ. ಇಲ್ಲವಾದರೆ ಬೆಟ್ಟವೆಲ್ಲ 1ನೇ ಗುಂಪಿಗೆ ಬಿದ್ದು ಮತ್ತೆ ಅದೇ ಒಂದೇ ಬಣ್ಣದ ಹಾಳೆ ಸಿಗುತ್ತದೆ.

ಇಷ್ಟಾದರೂ ಡಿಇಎಂಗೆ ಗೊತ್ತಿಲ್ಲದ ಒಂದು ವಿಷಯ ಉಳಿಯುತ್ತದೆ, ರಸ್ತೆ ಚರಂಡಿ. ಬೆಟ್ಟದ ರಸ್ತೆ ಮೇಲಿಂದ ಹರಿದು ಬರುವ ನೀರನ್ನೆಲ್ಲ ತಡೆದು, ಚರಂಡಿಯಲ್ಲಿ ಉದ್ದಕ್ಕೂ ಒಯ್ದು, ಮೋರಿ ಇರುವ ಕಡೆ ಒಟ್ಟಿಗೆ ಕೆಳಗೆ ಬಿಡುತ್ತದೆ. ಮೋರಿಗೆ ಎಲೆ, ಪ್ಲಾಸ್ಟಿಕ್ ಕಟ್ಟಿಕೊಂಡರೆ ನೀರು ರಸ್ತೆ ದಾಟಿ ಎಲ್ಲೆಂದರಲ್ಲಿ ಅಂಚಿನ ಮಣ್ಣಿಗೆ ಇಳಿಯುತ್ತದೆ. ಇದನ್ನು ಯಾವ ಉಪಗ್ರಹವೂ ಹೇಳುವುದಿಲ್ಲ. ಮಳೆ ನಿಂತ ಕೂಡಲೇ ರಸ್ತೆಯಲ್ಲಿ ನಡೆದು ಹೋಗಿ ಮೋರಿಗಳು, ನೀರು ರಸ್ತೆ ದಾಟಿದ ಗುರುತುಗಳು, ಅಂಚಿಗೆ ಸಮಾನಾಂತರವಾಗಿ ಡಾಂಬರಿನಲ್ಲಿ ಬಿದ್ದ ಬಿರುಕುಗಳನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ. ಕ್ಯೂಫೀಲ್ಡ್ ಆ್ಯಪ್ ಇದ್ದರೆ ನೇರವಾಗಿ ನಕ್ಷೆಗೆ ಬರುತ್ತದೆ. ಆ ಜಾಗಗಳ ಕೆಳಗಿನ ಚೌಕಗಳಿಗೆ ಸೂಚ್ಯಂಕ ಏನೇ ಹೇಳಲಿ, 5 ಕೊಡಿ.

ಕಲ್ಲು ಮತ್ತು ಹೊದಿಕೆಯನ್ನು ಮತ್ತೆ ಓದುವುದು

ಗ್ರಾನೈಟ್ ಗಟ್ಟಿ, ನಿಜ. ಆದರೆ ಜಾರುವುದು ಗ್ರಾನೈಟ್ ಅಲ್ಲ, ಅದರ ಮೇಲೆ ಕೂತದ್ದು. ಹಾಗಾಗಿ ಕಲ್ಲಿನ ಪದರದಲ್ಲಿ ಹೆಸರಿನ ಬದಲು, ಜಾರಬಲ್ಲ ವಸ್ತು ಎಷ್ಟಿದೆ ಎಂದು ಬರೆಯಿರಿ. ಬೋಳು ಬಂಡೆಗೆ 1. ಬಂಡೆಯ ಮೇಲೆ ತೆಳು ಮಣ್ಣಿದ್ದರೆ 2. ಕಲ್ಲು ಶಿಥಿಲವಾಗಿ ಆದ ದಪ್ಪ ಮಣ್ಣಿಗೆ 3 ಅಥವಾ 4. ರಸ್ತೆ ಮಾಡುವಾಗ ಕಡಿದು ಕೆಳಬದಿಗೆ ಸುರಿದ ಮಣ್ಣಿಗೆ 5. ಸುರಿದ ಮಣ್ಣು ಸಡಿಲ. ಅದರ ಕೆಳಗೆ ನುಣುಪು ಬಂಡೆ ಇದ್ದರೆ ಇಳಿದ ನೀರು ಬಂಡೆಯ ಮೇಲೆಯೇ ನಿಂತು ಮಣ್ಣಿನ ತಳ ಸಡಿಲಿಸುತ್ತದೆ. ತಡೆಗೋಡೆ ಇದ್ದರೂ ಅದರಲ್ಲಿ ನೀರು ಹೊರಬರುವ ತೂತುಗಳು ಮುಚ್ಚಿದ್ದರೆ, ಹಿಂದೆ ನಿಂತ ನೀರು ಗೋಡೆಯನ್ನೇ ನೂಕುತ್ತದೆ.

ಈ ಪದರ ಎಲ್ಲಿಂದಲೂ ಡೌನ್‌ಲೋಡ್ ಆಗುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆ ಗೆರೆ ತೆಗೆದುಕೊಂಡು, ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳನ್ನು ಎದುರಿಟ್ಟು, ಕೆಳಬದಿಯ ತುಂಬಿದ ಪಟ್ಟಿಯನ್ನು ಕೈಯಲ್ಲೇ ಗೆರೆ ಎಳೆಯಬೇಕು. ರಸ್ತೆಯ ಎರಡೂ ಬದಿಗೆ ಸಮನಾಗಿ ಬಫರ್ ಹಾಕಿ ಮುಗಿಸುವುದು ಸುಲಭ, ಆದರೆ ತಪ್ಪು. ಮೇಲಿನ ಬದಿ ಕಡಿದ ಗೋಡೆ, ಕೆಳಗಿನ ಬದಿ ಸುರಿದ ಮಣ್ಣು. ಎರಡೂ ಬೇರೆ ರೀತಿ ಕುಸಿಯುತ್ತವೆ. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬಿದ್ದದ್ದು ಮೇಲಿನ ಬದಿ. ನಮ್ಮ ನಂದಿ ರಸ್ತೆಯಲ್ಲಿ ಹೋದದ್ದು ಕೆಳಗಿನ ಬದಿ.

ಇಳಿಜಾರಿನ ಪದರ ಈ ಜಾಗವನ್ನು ಹಿಡಿಯದೇ ಇದ್ದದ್ದೂ ಇದಕ್ಕೇ. ಸುರಿದ ಮಣ್ಣಿನ ಅಂಚು ನಿಜಕ್ಕೂ 40 ಡಿಗ್ರಿ ಇರಬಹುದು. ಆದರೆ ಅದರ ಅಗಲ ಕೆಲವೇ ಮೀಟರ್. 30 ಮೀಟರ್ ಚೌಕದಲ್ಲಿ ಸಮತಟ್ಟಾದ ರಸ್ತೆ, ಕಡಿದಾದ ಅಂಚು, ಕೆಳಗಿನ ಕಾಡು ಎಲ್ಲ ಬೆರೆತು 24 ಎಂದು ಬರುತ್ತದೆ. ಜೊತೆಗೆ ಕೋಪರ್ನಿಕಸ್ ಡಿಇಎಂ ಅಳೆಯುವುದು ಮರದ ನೆತ್ತಿಯನ್ನು, ಕಾಡಿನೊಳಗಿನ ನೆಲವನ್ನಲ್ಲ. ಕಾಡು ಮುಗಿದು ಬಯಲು ಶುರುವಾಗುವ ಅಂಚಿನಲ್ಲಿ ಇಲ್ಲದ ಇಳಿಜಾರು ಕಾಣಿಸುತ್ತದೆ. ಇಳಿಜಾರಿನ ನಕ್ಷೆಯ ಮೇಲೆ ಹೊದಿಕೆಯ ಪದರವನ್ನು ಅರೆಪಾರದರ್ಶಕವಾಗಿ ಇಟ್ಟು ನೋಡಿ. ಕಡಿದಾದ ಗೆರೆಗಳು ಕಾಡಿನ ಗಡಿಯನ್ನೇ ಹಿಂಬಾಲಿಸುತ್ತಿದ್ದರೆ ಅವು ಮರಗಳು, ಬೆಟ್ಟವಲ್ಲ.

ಹೊದಿಕೆಯಲ್ಲಿ ಎರಡೇ ತಿದ್ದುಪಡಿ ಸಾಕು. 60 ಎಂಬ ಬೋಳು ನೆಲದಲ್ಲಿ ಬಂಡೆ ಯಾವುದು, ಬೋಳು ಮಣ್ಣು ಯಾವುದು ಎಂದು ಬೇರೆ ಮಾಡಿ. ಬಂಡೆಗೆ 1, ಮಣ್ಣಿಗೆ 5. ರಸ್ತೆ ಅಂಚಿನ ಪಟ್ಟಿಗೂ 5 ಕೊಡಿ. ಮೇಲಿನಿಂದ ಕುರುಚಲು ಕಂಡರೂ ಲಂಟಾನದಂಥ ಪೊದೆಯ ಬೇರು ಆಳದ ಸಡಿಲ ಮಣ್ಣನ್ನು ಹಿಡಿದಿಡುವಷ್ಟು ಕೆಳಗೆ ಇಳಿದಿರುವುದಿಲ್ಲ.

ಎರಡನೇ ಸುತ್ತು

ತೂಕಗಳನ್ನು ಮುಟ್ಟಬೇಡಿ. ಅವೇ 0.466, 0.277, 0.161, 0.096. ಮಳೆಯ ಜಾಗದಲ್ಲಿ ನೀರು ಸೇರುವ ಪದರ, ಕಲ್ಲಿನ ಜಾಗದಲ್ಲಿ ಜಾರುವ ವಸ್ತುವಿನ ಪದರ, ಅಷ್ಟೇ ಬದಲು.

ಬಂಡೆಗೆ ಈಗ ಇಳಿಜಾರು 4, ನೀರು 1, ಹೊದಿಕೆ 1, ವಸ್ತು 1. ಒಟ್ಟು 2.40. ರಸ್ತೆ ಬದಿಗೆ ಇಳಿಜಾರು 2, ಉಳಿದ ಮೂರೂ 5. ಒಟ್ಟು 3.60. ಏಣಿಗೆ 3, 1, 1, 2. ಒಟ್ಟು 2.03. ಸಾಲು ತಿರುಗಿತು.

ಈಗ ತೂಕವನ್ನು ಅಲುಗಾಡಿಸಿ ನೋಡಬೇಕು. ಸಮನಾಗಿ 0.25 ಕೊಟ್ಟರೆ ರಸ್ತೆ ಬದಿ 4.25, ಬಂಡೆ ಮತ್ತು ಏಣು ಎರಡೂ 1.75. ಇಳಿಜಾರಿನ ತೂಕವನ್ನು ಎಷ್ಟಕ್ಕೆ ಏರಿಸಿದರೆ ಬಂಡೆ ಮತ್ತೆ ಮೇಲೆ ಬರುತ್ತದೆ? ಇಳಿಜಾರಿನಲ್ಲಿ ಬಂಡೆ 2 ಅಂಕ ಮುಂದಿದೆ, ಉಳಿದ ಮೂರರಲ್ಲೂ 4 ಅಂಕ ಹಿಂದಿದೆ. ಇಳಿಜಾರಿನ ತೂಕ `w` ಆದರೆ `2w = 4(1 − w)` ಆದಾಗ ಎರಡೂ ಸಮ. ಅಂದರೆ `w` 0.667 ದಾಟಬೇಕು. ಯಾರೂ ಇಳಿಜಾರಿಗೆ ಅಷ್ಟು ಕೊಡುವುದಿಲ್ಲ. ಹಾಗಾಗಿ ಈ ಎರಡು ಚೌಕಗಳ ನಡುವಿನ ತೀರ್ಪು ಗಟ್ಟಿ. ಇಡೀ ಬೆಟ್ಟಕ್ಕೂ ಹೀಗೇ ಮಾಡಿ. ಒಂದೊಂದು ತೂಕವನ್ನೂ ಐದನೇ ಒಂದು ಪಾಲು ಏರಿಸಿ, ಇಳಿಸಿ, ಉಳಿದವನ್ನು ಒಟ್ಟು 1 ಆಗುವಂತೆ ಹೊಂದಿಸಿ, ಮತ್ತೆ ಓಡಿಸಿ. ಒಟ್ಟು ಅಂಕದ ಮೇಲೆ ಚೌಕಗಳನ್ನು ಗುಂಪು ಮಾಡಿ, ಪ್ರತಿ ಸಲವೂ ಮೇಲಿನ ಗುಂಪಿನಲ್ಲೇ ಉಳಿಯುವ ಚೌಕಗಳನ್ನು ಗಾಢ ಬಣ್ಣದಲ್ಲಿ ತೋರಿಸಿ. ಗುಂಪು ಬದಲಿಸುತ್ತಾ ಇರುವ ಚೌಕಗಳನ್ನು ಬೇರೆ ಗುರುತಿನಲ್ಲಿ ತೋರಿಸಿ. ನಕ್ಷೆ ನೋಡುವ ಎಂಜಿನಿಯರಿಗೆ ಈ ವ್ಯತ್ಯಾಸ ಗೊತ್ತಾಗಲೇಬೇಕು.

ಪರೀಕ್ಷೆ

ನಂದಿ ರಸ್ತೆಯ ಕುಸಿತ ಗೊತ್ತಿದ್ದುಕೊಂಡೇ ನಾನು ಪದರಗಳನ್ನು ಬದಲಿಸಿದ್ದು. ಆದ್ದರಿಂದ ಅದೇ ಕುಸಿತ ಕೆಂಪಿನಲ್ಲಿ ಬಂತು ಎನ್ನುವುದು ಪುರಾವೆ ಅಲ್ಲ. ನಕ್ಷೆ ಮಾಡುವಾಗ ನೋಡದೇ ಇದ್ದ ಕುಸಿತಗಳ ಮೇಲೆ ಇಟ್ಟು ನೋಡಬೇಕು. ಹಳೆಯ ಉಪಗ್ರಹ ಚಿತ್ರಗಳಲ್ಲಿ ಮಳೆಗಾಲದ ನಂತರ ಹೊಸದಾಗಿ ಕಾಣುವ ಮಣ್ಣಿನ ಗಾಯಗಳು, ಭೂವೈಜ್ಞಾನಿಕ ಸರ್ವೇಕ್ಷಣೆಯ ಕುಸಿತಗಳ ಪಟ್ಟಿ, ರಸ್ತೆ ನೋಡಿಕೊಳ್ಳುವವರ ನೆನಪು, ಎಲ್ಲವನ್ನೂ ಸೇರಿಸಿ ಚುಕ್ಕಿ ಹಾಕಿ.

ಲೆಕ್ಕ ಸರಳ. ಮೇಲಿನ ಗುಂಪು ಬೆಟ್ಟದ ನೂರರಲ್ಲಿ 10 ಭಾಗ ಇದ್ದು, ಕುಸಿತಗಳಲ್ಲಿ ನೂರಕ್ಕೆ 40 ಅದರೊಳಗೆ ಬಿದ್ದರೆ ಅನುಪಾತ 4. ಅನುಪಾತ 1ರ ಹತ್ತಿರ ಇದ್ದರೆ ಕಣ್ಣು ಮುಚ್ಚಿ ಗುರುತು ಹಾಕಿದ್ದಕ್ಕಿಂತ ನಕ್ಷೆ ಉತ್ತಮವೇನಲ್ಲ. ಗುಂಪು ಮೇಲೆ ಹೋದಂತೆ ಅನುಪಾತವೂ ಏರಬೇಕು. ನಡುವಿನ ಗುಂಪಿಗೇ ಹೆಚ್ಚು ಬಂದರೆ ಯಾವುದೋ ಪದರದ ಅಂಕ ತಲೆಕೆಳಗಾಗಿದೆ. ಬಂಡೆಗೆ 5 ಕೊಟ್ಟಾಗ ಆಗುವುದು ಇದೇ.

ಒಂಟಿ ಬೆಟ್ಟದಲ್ಲಿ ಕುಸಿತಗಳು ಬೆರಳೆಣಿಕೆಯಷ್ಟೇ ಇರುತ್ತವೆ. ಅಷ್ಟರಲ್ಲಿ ಶೇಕಡಾವಾರು ಹೇಳುವುದು ಅರ್ಥವಿಲ್ಲದ್ದು. ಅಂಥ ಕಡೆ ಒಂದೊಂದು ಕುಸಿತವನ್ನೂ ಬಿಡಿಯಾಗಿ ತೆಗೆದುಕೊಂಡು, ನಕ್ಷೆ ಅದನ್ನು ಯಾವ ಗುಂಪಿನಲ್ಲಿ ಇಟ್ಟಿದೆ, ಯಾಕೆ ಎಂದು ಬರೆಯುವುದೇ ಪ್ರಾಮಾಣಿಕ. ಇನ್ನೊಂದು ಎಚ್ಚರವೂ ಬೇಕು. ರಸ್ತೆ ಬದಿಯ ಕುಸಿತ ಎಲ್ಲರಿಗೂ ಕಾಣುತ್ತದೆ, ಪತ್ರಿಕೆಯಲ್ಲೂ ಬರುತ್ತದೆ. ಕಾಡಿನೊಳಗಿನದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ರಸ್ತೆಗೆ ಕೊಟ್ಟ ಅಂಕ ಸರಿ ಎಂದು ಪಟ್ಟಿ ಯಾವಾಗಲೂ ಸ್ವಲ್ಪ ಜಾಸ್ತಿಯೇ ಒಪ್ಪುತ್ತದೆ.

ನಕ್ಷೆಯ ಮೇಲೆ ಬರೆಯಬೇಕಾದದ್ದು

ಈ ನಕ್ಷೆ ತೋರಿಸುವುದು ಕುಸಿತ ಎಲ್ಲಿ ಶುರುವಾಗಬಹುದು ಎಂದು. ಜಾರಿದ ಮಣ್ಣು ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ ಎಂದಲ್ಲ. 2024ರ ಜುಲೈ 30ರಂದು ವಯನಾಡಿನಲ್ಲಿ ಕುಸಿತ ಶುರುವಾದದ್ದು ಮೇಲೆ ಗುಡ್ಡದಲ್ಲಿ, ಜನ ಸತ್ತದ್ದು ಕೆಳಗೆ ಹೊಳೆ ದಂಡೆಯ ಊರುಗಳಲ್ಲಿ. ಆ ಮನೆಗಳಿದ್ದ ಸಮತಟ್ಟು ಜಾಗ ಇಂಥ ನಕ್ಷೆಯಲ್ಲಿ ಹಸಿರಾಗಿಯೇ ಬರುತ್ತದೆ. ಆದ್ದರಿಂದ ಕೆಂಪು ಚೌಕಗಳಿಂದ ನೀರು ಹರಿಯುವ ದಾರಿಯನ್ನು ಕೆಳಗಿನವರೆಗೆ ಗೆರೆ ಎಳೆದು, ಆ ದಾರಿಯಲ್ಲಿ ಮನೆ, ಅಂಗಡಿ, ಮೆಟ್ಟಿಲು ಇದ್ದರೆ ಬೇರೆ ಬಣ್ಣದಲ್ಲಿ ತೋರಿಸಿ.

ಯಾವ ಬಗೆಯ ಕುಸಿತದ ನಕ್ಷೆ, ಡಿಇಎಂ ಯಾವ ವರ್ಷದ್ದು, ಹೊದಿಕೆ ಯಾವ ವರ್ಷದ್ದು, ರಸ್ತೆಯಲ್ಲಿ ನಡೆದು ಗುರುತು ಹಾಕಿದ ತಿಂಗಳು ಯಾವುದು, ಇವನ್ನೂ ಮೂಲೆಯಲ್ಲಿ ಬರೆಯಿರಿ. ಕೋಪರ್ನಿಕಸ್ ಡಿಇಎಂಗೆ ಬೇಕಾದ ರೇಡಾರ್ ಅಳತೆ ನಡೆದದ್ದು 2011ರಿಂದ 2015ರ ನಡುವೆ. ಆಮೇಲೆ ಕಡಿದ ಗುಡ್ಡ, ಸುರಿದ ಮಣ್ಣು, ಕಟ್ಟಿದ ತಡೆಗೋಡೆ ಯಾವುದೂ ಅದರಲ್ಲಿ ಇಲ್ಲ. ಬೆಟ್ಟದ ಮೇಲೆ ರಸ್ತೆ ಅಗಲ ಮಾಡಿದರೆ, ಹೊಸ ಮೋರಿ ಹಾಕಿದರೆ, ನೀರಿನ ಪದರ ಮತ್ತು ವಸ್ತುವಿನ ಪದರ ಎರಡನ್ನೂ ಮತ್ತೆ ಬಿಡಿಸಬೇಕು. ಮೇ ತಿಂಗಳ ಮಳೆ ಮುಗಿದ ಮೇಲೆ ಒಮ್ಮೆ ನಡೆದು ನೋಡಿ ತಿದ್ದಿದರೆ, ಅಕ್ಟೋಬರ್ ಮಳೆ ಬರುವ ಮೊದಲು ನಕ್ಷೆ ಸಿದ್ಧವಿರುತ್ತದೆ.